ನೇರವಾಗಿ ಹರಿಯುವ ಕಾಲುವೆಯಲ್ಲೂ ಕರ್ಲ್ ಇರುತ್ತದೆ

ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಗಣಿತ ಪಾಠ ಮಾಡುವುದು ನನ್ನ ಕೆಲಸ. ವೆಕ್ಟರ್ ಕ್ಯಾಲ್ಕ್ಯುಲಸ್ ಬಂತೆಂದರೆ ವಿದ್ಯಾರ್ಥಿಗಳ ನೋಟ್ಸ್‌ನಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನೀರು ಹರಡಿದರೆ ಡೈವರ್ಜೆನ್ಸ್, ಸುತ್ತಿದರೆ ಕರ್ಲ್. ಪರೀಕ್ಷೆಯಲ್ಲಿ ಸೂತ್ರ ಹಾಕಿ ಲೆಕ್ಕ ಬಿಡಿಸಲು ಇಷ್ಟು ಸಾಕು. ಆದರೆ ಹರಿವಿನ ಚಿತ್ರ ಕೊಟ್ಟು ಕರ್ಲ್ ಎಲ್ಲಿದೆ ಅಂತ ಕೇಳಿದರೆ, ಗೆರೆ ಬಾಗಿದ ಕಡೆ ಇದೆ, ನೇರ ಇರುವ ಕಡೆ ಇಲ್ಲ ಅಂತಾರೆ. ಅದಕ್ಕೇ ನಾನು ನೇರವಾದ ಕಾಲುವೆಯಿಂದಲೇ ಪಾಠ ಶುರು ಮಾಡುತ್ತೇನೆ.

ಕಾಲುವೆಯ ಅಗಲ 2 ಮೀಟರ್ ಅಂತಿಟ್ಟುಕೊಳ್ಳಿ. ನೀರು x ದಿಕ್ಕಿಗೆ ಹೋಗುತ್ತಿದೆ. ಬಲದಂಡೆಯಿಂದ ದೂರ y. ದಂಡೆಗೆ ತಾಗಿದ ನೀರು ನಿಂತೇ ಇರುತ್ತದೆ, ನಡುವಿನ ನೀರು ಜೋರಾಗಿ ಓಡುತ್ತದೆ. ಲೆಕ್ಕಕ್ಕೆ ವೇಗವನ್ನು `v_x = y(2 − y)` ಅಂತ ಬರೆಯೋಣ. ನಡುವೆ ಸೆಕೆಂಡಿಗೆ 1 ಮೀಟರ್, ಎರಡೂ ದಂಡೆಯಲ್ಲಿ ಸೊನ್ನೆ.

ಈಗ ಎರಡು ಚಿಕ್ಕ ಕಡ್ಡಿಗಳನ್ನು ಪ್ಲಸ್ ಗುರುತಿನ ಹಾಗೆ ಕಟ್ಟಿ, ಬಲದಂಡೆಯಿಂದ ಅರ್ಧ ಮೀಟರ್ ದೂರದಲ್ಲಿ ತೇಲಿಬಿಡಿ. ಹರಿವಿನ ಉದ್ದಕ್ಕಿರುವ ಕಡ್ಡಿಯನ್ನು ನೀರು ತಿರುಗಿಸುವುದಿಲ್ಲ, ಅದರ ಎರಡೂ ತುದಿಗೆ ಒಂದೇ ವೇಗ. ಅಡ್ಡಕ್ಕಿರುವ ಕಡ್ಡಿಯ ಕಥೆ ಬೇರೆ. ನಡುವಿನ ಕಡೆಯ ತುದಿಗೆ ನೂಕು ಜಾಸ್ತಿ, ದಂಡೆಯ ಕಡೆಗೆ ಕಡಿಮೆ. ಹಾಗಾಗಿ ಪ್ಲಸ್ ಮುಂದೆ ತೇಲುತ್ತಲೇ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಸೂತ್ರವೂ ಇದನ್ನೇ ಹೇಳುತ್ತದೆ:

`∂v_y/∂x − ∂v_x/∂y = 0 − (2 − 2y)`

`y = 0.5` ಆದರೆ ಉತ್ತರ −1. ಮೊದಲ ಪದ ಉದ್ದದ ಕಡ್ಡಿಯದು, ಎರಡನೆಯದು ಅಡ್ಡ ಕಡ್ಡಿಯದು. ಕಡ್ಡಿಗಳು ಬಿಗಿಯಾಗಿ ಕಟ್ಟಿಕೊಂಡಿವೆ, ಅಲ್ವಾ? ಹಾಗಾಗಿ ಪ್ಲಸ್ ಎರಡರ ಸರಾಸರಿಯಲ್ಲಿ, ಅಂದರೆ ಸೆಕೆಂಡಿಗೆ 0.5 ರೇಡಿಯನ್‌ನಂತೆ ತಿರುಗುತ್ತದೆ. ತಿರುಗುವ ವೇಗ ಕರ್ಲ್‌ನ ಅರ್ಧ ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಕಾಲುವೆಯ ನಟ್ಟನಡುವೆ ಕರ್ಲ್ ಸೊನ್ನೆ. ಎಡದಂಡೆಯ ಕಡೆ ಹೋದರೆ ಪ್ಲಸ್ ಎದುರು ದಿಕ್ಕಿಗೆ ತಿರುಗುತ್ತದೆ.

ಇನ್ನು ಸುಳಿ. ನೀರು ವೃತ್ತಾಕಾರದಲ್ಲಿ ಸುತ್ತುತ್ತಿದೆ, ನಡುವಿನಿಂದ ದೂರ ಹೋದಷ್ಟೂ ವೇಗ `1/r` ಪ್ರಕಾರ ಕಡಿಮೆಯಾಗುತ್ತದೆ. ಇಲ್ಲಿ ಕರ್ಲ್ ಇಲ್ಲ ಅಂದರೆ ತರಗತಿಯಲ್ಲಿ ಯಾರೂ ಒಪ್ಪುವುದಿಲ್ಲ. ಸುಮ್ನೆ ವಾದ ಬೇಡ, (1, 0) ಬಿಂದುವಿನಲ್ಲಿ ಪ್ಲಸ್ ಇಟ್ಟು ನೋಡೋಣ. ಹರಿವು ಎಡಕ್ಕೆ ಬಾಗುವುದರಿಂದ, ಹರಿವಿನ ಗುಂಟ ಇರುವ ಕಡ್ಡಿ ಎಡಕ್ಕೆ ಸೆಕೆಂಡಿಗೆ 1 ರೇಡಿಯನ್ ತಿರುಗಲು ನೋಡುತ್ತದೆ. ಅಡ್ಡ ಕಡ್ಡಿಯ ಒಳತುದಿಗೆ ವೇಗ ಜಾಸ್ತಿ, ಹೊರತುದಿಗೆ ಕಡಿಮೆ. ಅದು ಬಲಕ್ಕೆ ಅಷ್ಟೇ ತಿರುಗಲು ನೋಡುತ್ತದೆ. ಎರಡೂ ಸೇರಿ ಸೊನ್ನೆ. ಪ್ಲಸ್ ನಡುವಿನ ಸುತ್ತ ಹೋಗುತ್ತದೆ, ಆದರೆ ತನ್ನ ಸುತ್ತ ತಾನು ತಿರುಗುವುದಿಲ್ಲ. ಕರ್ಲ್ ಅಳೆಯುವುದು ಈ ಎರಡನೆಯದನ್ನು ಮಾತ್ರ.

ಡೈವರ್ಜೆನ್ಸ್‌ಗೆ ಪ್ಲಸ್ ಬದಲು ಒಂದು ಚಿಕ್ಕ ಚೌಕ ಬೇಕು. ಹೊರಗೆ ಹೋದದ್ದರಲ್ಲಿ ಒಳಗೆ ಬಂದದ್ದನ್ನು ಕಳೆಯಬೇಕು. ಕಾಲುವೆ ಕಿರಿದಾಗುವ ಕಡೆ ನೀರಿನ ವೇಗ ಏರುತ್ತದೆ. `∂v_x/∂x` ಧನ ಎಂದು ಕಂಡ ಕೂಡಲೇ ಡೈವರ್ಜೆನ್ಸ್ ಇದೆ ಅಂತ ಬರೆಯುವವರು ಬಹಳ. ಆದರೆ ಅಲ್ಲಿ ನೀರು ಎರಡೂ ಬದಿಯಿಂದ ಒಳಕ್ಕೆ ಒತ್ತಿಕೊಂಡು ಬರುತ್ತಿರುತ್ತದೆ. `v = (x, −y)` ತೆಗೆದುಕೊಳ್ಳಿ. ಮುಂದಿನ ಬದಿಯಿಂದ ಹೆಚ್ಚಾಗಿ ಹೋದದ್ದು 1, ಪಕ್ಕದ ಬದಿಗಳಿಂದ ಬಂದದ್ದು 1. ಒಟ್ಟು ಸೊನ್ನೆ. ನೀರನ್ನು ಹಿಂಡಿ ಚಿಕ್ಕದು ಮಾಡಲು ಹೆಚ್ಚುಕಡಿಮೆ ಆಗುವುದೇ ಇಲ್ಲ. ಹಾಗಾಗಿ ನೀರು ಹೊಸದಾಗಿ ಸೇರುವ ಅಥವಾ ಇಂಗಿಹೋಗುವ ಜಾಗ ಬಿಟ್ಟರೆ ಬೇರೆಲ್ಲ ಕಡೆ ಡೈವರ್ಜೆನ್ಸ್ ಸೊನ್ನೆಯೇ. ಈ ಚಿತ್ರದ ಮಿತಿಯೂ ಇದೇ. ಎಲ್ಲೆಡೆ ಡೈವರ್ಜೆನ್ಸ್ ಇರುವ ಹರಿವು ತೋರಿಸಬೇಕಾದರೆ ನೀರು ಬಿಟ್ಟು, ಬಿಸಿಯಾಗಿ ಹಿಗ್ಗುವ ಗಾಳಿಗೆ ಹೋಗಬೇಕು.

ಪ್ಲಸ್ ಆಗಲಿ ಚೌಕವಾಗಲಿ, ಬಹಳ ಚಿಕ್ಕದಿರಬೇಕು. ಸುಳಿಯ ನಡುವನ್ನೇ ಮುಚ್ಚುವಷ್ಟು ದೊಡ್ಡ ಪ್ಲಸ್ ಇಟ್ಟರೆ ಅದು ಗಿರಗಿರ ತಿರುಗುತ್ತದೆ. ಆಗ ವಿದ್ಯಾರ್ಥಿಗಳು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಾರೆ: ಎಲ್ಲ ಕಡೆ ಕರ್ಲ್ ಸೊನ್ನೆ ಆದರೆ ಈ ತಿರುಗು ಎಲ್ಲಿಂದ ಬಂತು? ನಡುವಿನ ಸುತ್ತ ಯಾವುದೇ ವೃತ್ತದ ಮೇಲೆ ವೇಗವನ್ನು ಕೂಡಿಸಿದರೂ, ಸುತ್ತಳತೆ `2πr` ಗುಣಿಸು `1/r`, ಅಂದರೆ 2π ಬರುತ್ತದೆ. ವೃತ್ತ ಎಷ್ಟು ಚಿಕ್ಕದು ಮಾಡಿದರೂ ಬದಲಾಗುವುದಿಲ್ಲ. ಅಂದಮೇಲೆ ಅಷ್ಟೂ ಕರ್ಲ್ `r = 0` ಎಂಬ ಒಂದೇ ಬಿಂದುವಿನಲ್ಲಿ ಕೂತಿದೆ. ಮರುದಿನದ ಸ್ಟೋಕ್ಸ್ ಪ್ರಮೇಯವನ್ನು ನಾನು ಈ 2π ಇಟ್ಟುಕೊಂಡೇ ಶುರು ಮಾಡುತ್ತೇನೆ.