ಒಂದು 'ರಿ' ಬಿಟ್ಟಿದ್ದಕ್ಕೆ ನಿಂತೋದ ಕೆಸಿಸಿ ರಿನ್ಯೂವಲ್

ಮಾರ್ಚ್ ತಿಂಗಳು, ವಿಜಯಪುರ ಜಿಲ್ಲೆ ಸಿಂದಗಿ ತಾಲೂಕಿನ ಒಂದು ಹಳ್ಳಿ ಬ್ಯಾಂಕ್ ಬ್ರ್ಯಾಂಚು. ಸಿಸ್ಟಂ ಸ್ಲೋ, ಪಾಸ್‌ಬುಕ್ ಪ್ರಿಂಟರ್ ಎರಡು ದಿನದಿಂದ ಕೆಟ್ಟು ನಿಂತಿದೆ, ಎಂಟ್ರಿ ಹಾಕೋ ಮೇಕರ್ ನಾನೇ, ಅದನ್ನ ಪಾಸ್ ಮಾಡೋ ಚೆಕರ್ ಮ್ಯಾನೇಜರು ಮೀಟಿಂಗ್ ಅಂತ ರೀಜನಲ್ ಆಫೀಸಿಗೆ, ಅಂದ್ರೆ ಆರ್‌ಒಗೆ ಹೋಗಿದ್ದಾರೆ, ಮುಂದೆ ಹದಿನೈದು ಜನ ನಿಂತಿದ್ದಾರೆ. ಆಗ ಒಬ್ಬರು ಹಿರಿಯರು ಬಂದ್ರು, ಎಪ್ಪತ್ತು ದಾಟಿರಬೇಕು, ಬಿಳಿ ರುಮಾಲು, ಧೋತರ. ಟೇಬಲ್ ಹತ್ರ ನಿಂತು "ನಮಸ್ಕಾರ್ರಿ ಸಾಹೇಬ್ರ, ಆರಾಮ್ರಿ?" ಅಂದ್ರು.

ನಾನು ಸ್ಕ್ರೀನಿಂದ ಕಣ್ಣು ತೆಗೀದೇನೇ "ಹೂಂ, ಕೂತ್ಕೋ ತಾತ, ಕರೀತೀನಿ" ಅಂದೆ.

ನಾನು ಮದ್ದೂರು ಕಡೆಯವನು. ನಮ್ಮೂರಲ್ಲಿ ಪಕ್ಕದ ಮನೆ ತಾತನಿಗೆ "ಬಾ ತಾತ, ಕೂತ್ಕೋ, ಉಂಡ್ಯಾ?" ಅಂತಾನೇ ಅನ್ನೋದು, "ಕೂತ್ಕೊಳ್ಳಿ" ಅಂದ್ರೆ "ಏನ್ಲಾ, ನಾನೇನು ಹೊರಗಿನವ್ನಾ" ಅಂತ ಕೇಳ್ತಾರೆ. ನಾನು ಅವತ್ತು ಅಂದಿದ್ದು ಆ ಸಲಿಗೆಯಲ್ಲೇ, ಅದರಲ್ಲಿ ಒಂದು ಚೂರೂ ತಾತ್ಸಾರ ಇರ್ಲಿಲ್ಲ.

ಹಿಂದೆ ನಿಂತಿದ್ದ ಜನದ ಮಾತು ನಿಂತೋಯ್ತು. ತಲೆ ಎತ್ತಿ ನೋಡಿದ್ರೆ ಅವರು ಕೂತಿಲ್ಲ. "ಯಾರಿಗಂದ್ರಿ ಸಾಹೇಬ್ರ?" ಅಂದ್ರು. ದನಿ ಏರಿಸಲಿಲ್ಲ. ನಾನು "ನಿಮಗೇ" ಅಂದೆ. ಆಗ ಅವರು "ಮನ್ಯಾಗ ಮೊಮ್ಮಕ್ಕಳು ಕುಂಡ್ರು ಅಂತಾವು, ನಡೀತದ. ನೀವು ಕುರ್ಚಿ ಮ್ಯಾಲ ಕುಂತು ಅನ್ನಬಾರದ್ರಿ" ಅಂದ್ರು.

ಆ ಕ್ಷಣಕ್ಕೇ ಎದ್ದು ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ನಾನು ವಾದಕ್ಕೆ ಇಳಿದೆ. "ನಮ್ ಕಡೆ ಹಂಗೇ ಅನ್ನೋದು, ಇಷ್ಟಕ್ಕೆಲ್ಲಾ ಬೇಜಾರ್ ಮಾಡ್ಕೊಂಡ್ರೆ ಹೆಂಗೆ, ಏನ್ ಬೇಕು ಹೇಳಿ" ಅಂದೆ. 'ಏನ್ ಬೇಕು' ಅನ್ನೋದು ಇನ್ನೊಂದು ತಪ್ಪು ಅಂತ ಆಮೇಲೆ ಗೊತ್ತಾಯ್ತು, ಅವರು ಆರಾಮ್ರಿ ಅಂತ ಕೇಳಿದ್ದಕ್ಕೆ ನಾನು ತಿರುಗಿ ಆರಾಮ ಕೇಳೇ ಇಲ್ಲ, ನೇರ ಏನ್ ಬೇಕು ಅಂದ್ರೆ ಬೇಡೋಕೆ ಬಂದವರಿಗೆ ಅಂದಂಗೆ. ಅವರು ಪಾಸ್‌ಬುಕ್ಕನ್ನ ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ಸಲ ಮಡಚಿ, ಒಳಗಿನ ಕಿಸೆಗೆ ಇಟ್ಕೊಂಡು, "ಬರ್ತೀನ್ರಿ" ಅಂತ ಹೊರಟೋದ್ರು. ಅಷ್ಟು ನೊಂದು ಹೋಗುವಾಗ್ಲೂ 'ರಿ' ಬಿಡಲಿಲ್ಲ ಅನ್ನೋದು ನನಗೆ ಈಗ್ಲೂ ಚುಚ್ಚುತ್ತೆ.

ಹಣ ಎಣಿಸೋದು ಬಿಟ್ಟು ನಮ್ ಸಬ್‌ಸ್ಟಾಫ್ ಬಂದ್ರು, ಅವರು ಅದೇ ಊರಿನವರು. "ಸರ, ಅವರು ಊರಿನ ಹಿರೇರು, ಪಂಚಾಯ್ತಿಗೆ ಕುಂಡ್ರೋರು. ಅವರ ಅಕೌಂಟ್ ತಗದ್ ನೋಡ್ರಿ" ಅಂದ್ರು. ನೋಡಿದೆ. ಎರಡು ಲಕ್ಷದ ಕೆಸಿಸಿ, ಅಂದ್ರೆ ಕಿಸಾನ್ ಕ್ರೆಡಿಟ್ ಕಾರ್ಡ್ ಬೆಳೆಸಾಲ, ಡ್ಯೂ ಡೇಟಿಗೆ ಎಂಟು ದಿನ. ಡ್ಯೂ ಒಳಗೆ ಕಟ್ಟಿದ್ರೆ ಏಳು ಪರ್ಸೆಂಟ್ ಬಡ್ಡೀಲಿ ಮೂರು ವಾಪಸ್ ಸಿಗುತ್ತೆ, ನಾಲ್ಕೇ ಬೀಳೋದು. ವರ್ಷಕ್ಕೆ 8,000 ಕಟ್ಟೋ ಕಡೆ 14,000 ಆಗುತ್ತೆ ತಪ್ಪಿದ್ರೆ. ಅವರು ಬಂದಿದ್ದು ಅದಕ್ಕೇ, ದುಡ್ಡು ರೆಡಿ ಇಟ್ಕೊಂಡೇ. ನಾನು ಆಡಿದ ಒಂದು ಮಾತಿಗೆ ಆರು ಸಾವಿರ ರೂಪಾಯಿ ಹೋಗೋದಿತ್ತು, ಅದೂ ತೊಗರಿ ಮಾರಿ ಬಂದ ದುಡ್ಡು.

ಮಧ್ಯಾಹ್ನ ಚಾ ಕುಡೀತಾ ಸಬ್‌ಸ್ಟಾಫ್ ನನಗೆ ಬಿಡಿಸಿ ಹೇಳಿದ್ರು. ಆ ಕಡೆ ಗೌರವ ಬರೀ ನೀವು ಅನ್ನೋದ್ರಲ್ಲಿ ಇಲ್ಲ, ಪ್ರತಿ ಮಾತಿನ ಬಾಲದಲ್ಲಿದೆ. ಹೌದ್ರಿ, ಇಲ್ರಿ, ಹೂನ್ರಿ, ನಾಳಿಗ್ರಿ. ನಾವು ಮಂಡ್ಯ, ಮೈಸೂರು ಕಡೆಯವರು "ಇಲ್ಲ, ನಾಳೆ ಆಗುತ್ತೆ" ಅಂದ್ರೆ ನಮಗದು ಸಾದಾ ಮಾತು, ಅಲ್ಲಿಯವರ ಕಿವಿಗೆ ಅದು ಮುಖಕ್ಕೆ ಹೊಡೆದಂಗೆ ಕೇಳುತ್ತೆ. ನಾನು ಒಂದೂವರೆ ವರ್ಷದಿಂದ ದಿನಕ್ಕೆ ಐವತ್ತು ಸಲ ಹಂಗೇ ಅಂತಿದ್ದೆ, ಯಾರೂ ಹೇಳಿರ್ಲಿಲ್ಲ, ಬೆಂಗಳೂರು ಕಡೆಯವರು ಬಿರುಸು ಅಂತ ಸುಮ್ನಿದ್ರು.

ಏಕವಚನ ಅಲ್ಲೂ ಇದೆ, ನಮಗಿಂತ ಜಾಸ್ತೀನೇ ಇದೆ. ಗೆಳೆಯರು ಬಾರಲೇ ಅಂತಾರೆ, ಸಲಿಗೆ ಇರೋ ಚಿಕ್ಕವರಿಗೆ ಬಾರಪಾ, ಉಳಿದವರಿಗೆ ಬರ್ರಿ. ಆದ್ರೆ ಕೆಳಗಿನ ಮೆಟ್ಟಿಲಿಗೆ ಇಳಿಯೋದು ಮೊದಲು ಹಿರಿಯರು. ಚಿಕ್ಕವನು, ಅದರಲ್ಲೂ ಬ್ಯಾಂಕಿನ ಕುರ್ಚಿಯಲ್ಲಿ ಕೂತವನು, ತಾನಾಗೇ ಇಳಿಯೋ ಹಂಗಿಲ್ಲ. ಇಳಿದ್ರೆ ಅದು ಸಲಿಗೆ ಅಲ್ಲ, ಅಧಿಕಾರ. ಮದ್ದೂರಿನ ತಾತ ನನ್ನ ಎತ್ತಿ ಆಡಿಸಿದವರು, ಇವರ ಜೊತೆ ನನಗೆ ಏನು ಬಳಕೆ ಇತ್ತು?

ನಾಲ್ಕು ದಿನ ಕಾದೆ, ಬರಲಿಲ್ಲ. ಫೋನ್ ಎತ್ತಲಿಲ್ಲ. ಭಾನುವಾರ ಸಬ್‌ಸ್ಟಾಫ್ ಬೈಕಲ್ಲಿ ಇಬ್ಬರೂ ಹೋದ್ವಿ. ದಾರಿಯುದ್ದಕ್ಕೂ ಏನ್ ಹೇಳ್ಬೇಕು ಅಂತ ಮನಸ್ಸಲ್ಲೇ ಜೋಡಿಸ್ಕೊಂಡು ಹೋಗಿದ್ದೆ, ಅಂಗಳಕ್ಕೆ ಕಾಲಿಟ್ಟ ಕೂಡ್ಲೇ ಅವರೇ ಎದ್ದು "ಬರ್ರಿ ಸಾಹೇಬ್ರ, ಕುಂಡ್ರ್ರಿ" ಅಂದ್ರು. ಕೈಕಾಲಿಗೆ ನೀರು, ಕುಡಿಯೋಕೆ ನೀರು, ಆಮೇಲೆ ಚಾ. ಮಳಿ ಕೇಳಿದ್ರು, ನಮ್ಮೂರು ಕೇಳಿದ್ರು, ನಮ್ಮವ್ವನ ಕೇಳಿದ್ರು. ಲೋನ್ ಮಾತು ಅರ್ಧ ಗಂಟೆ ಬರಲೇ ಇಲ್ಲ. ನಾನೂ ಕಲಿತಂಗೆ "ನೀವು ಆರಾಮ್ರಿ? ತೊಗರಿ ಹ್ಯಾಂಗ ಬಂತ್ರಿ?" ಅಂತ ಕೇಳಿದೆ, ನಾಲಿಗೆ ತೊಡರ್ತಿತ್ತು. ಆಮೇಲೆ "ಅವತ್ತು ತಪ್ಪಾತ್ರಿ" ಅಂದೆ. ಅವರು ಏನೂ ಅನ್ನಲಿಲ್ಲ, ಚಾ ಬಸಿ ನನ್ನ ಕಡೆ ಸರಿಸಿದ್ರು. ಒಳಗಿಂದ ಅವರ ಮನೆಯವರು ಬಂದು "ರೊಟ್ಟಿ ಉಂಡು ಹೋಗು ಯಪ್ಪಾ" ಅಂದ್ರು ನನಗೆ. ಅವರಿಗೆ ನಾನು ಸಾಹೇಬ ಅಲ್ಲ, ಹಸಿದು ಬಂದ ಹುಡುಗ, ಮಕ್ಕಳನ್ನ ಯಪ್ಪಾ ಅಂತ ಅಪ್ಪನ ಹೆಸರಲ್ಲೇ ಕರೆಯೋದು ಅಲ್ಲಿ. ಅವರು ಏಕವಚನದಲ್ಲಿ ಕರೆದಾಗ ನನಗೆ ಎಷ್ಟು ಹಿತ ಆಯ್ತು ಅಂದ್ರೆ, ಆ ಹಿರಿಯರಿಗೆ ಅವತ್ತು ಯಾಕೆ ಆಗಲಿಲ್ಲ ಅನ್ನೋದು ಅಲ್ಲೇ ತಿಳೀತು.

ಸೋಮವಾರ ಬಂದು ಕಟ್ಟಿದ್ರು, ಡ್ಯೂಗೆ ಇನ್ನೂ ಮೂರು ದಿನ ಇತ್ತು.

ಇಷ್ಟೆಲ್ಲಾ ಆದ್ಮೇಲೆ ಆರ್‌ಒಯಿಂದ ಒಂದು ಸರ್ಕ್ಯುಲರ್ ಬಂತು, ಎಲ್ಲಾ ಬ್ರ್ಯಾಂಚಲ್ಲೂ ಗ್ರಾಹಕರನ್ನ "ನಮಸ್ಕಾರ, ನಿಮಗೆ ನಾನು ಹೇಗೆ ಸಹಾಯ ಮಾಡಲಿ" ಅಂತ ಸ್ವಾಗತಿಸಬೇಕು, ಇನ್‌ಸ್ಪೆಕ್ಷನ್‌ನಲ್ಲಿ ಮಾರ್ಕ್ಸ್ ಇದೆ. ಬೆಂಗಳೂರಲ್ಲಿ ಕೂತು ಬರೆದ ವಾಕ್ಯ, ಮೊದಲನೇ ಉಸಿರಲ್ಲೇ ಕೆಲಸದ ಮಾತು, ಒಂದು ರಿ ಇಲ್ಲ. ಸಿಂದಗಿಗೆ ವಿಜಯಪುರದವರನ್ನ ಕೇಳಿ ಬೇರೆ ಬರೀರಿ ಅಂತ ಮೇಲ್ ಹಾಕಿದೆ, "ಯೂನಿಫಾರ್ಮಿಟಿ" ಅಂತ ಒಂದು ಸಾಲು ಉತ್ತರ ಬಂತು. ಪೋಸ್ಟಿಂಗ್ ಕೊಡುವಾಗ ಕೋರ್ ಬ್ಯಾಂಕಿಂಗಿಗೆ ವಾರಗಟ್ಟಲೆ ಟ್ರೈನಿಂಗ್ ಕೊಡ್ತಾರೆ, ಆ ಊರಲ್ಲಿ ನಮಸ್ಕಾರ ಹೆಂಗೆ ಹೇಳೋದು ಅಂತ ಅರ್ಧ ದಿನ ಯಾರೂ ಹೇಳಲ್ಲ. ಇದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ.

ಮೂರು ವರ್ಷ ಆದ್ಮೇಲೆ ಮೈಸೂರಿಗೆ ಟ್ರಾನ್ಸ್‌ಫರ್ ಆಯ್ತು. ಮೊದಲನೇ ವಾರ ಒಬ್ಬ ಮೇಡಂ ಬಂದ್ರು, ನಾನು ಬಾಯಿ ತುಂಬಾ ಗೌರವದಿಂದ "ಏನ್ರಿ, ಬರ್ರಿ, ಕುಂಡ್ರ್ರಿ" ಅಂದೆ. ಅವರ ಮುಖ ಕೆಂಪಾಯ್ತು. "ಏನ್ರೀ ಅಂತೀರಲ್ಲ, ಮರ್ಯಾದೆ ಕೊಟ್ಟು ಮಾತಾಡಿ" ಅಂದ್ರು. ಈ ಸಲ ವಾದ ಮಾಡಲಿಲ್ಲ, ಕುರ್ಚಿಯಿಂದ ಎದ್ದೆ, "ಬನ್ನಿ ಮೇಡಂ, ಕೂತ್ಕೊಳ್ಳಿ" ಅಂದೆ.