ನಾಲ್ಕು ವರ್ಷದ ಗಾಣ, ಎಂಟು ವರ್ಷದ ಗಾಣ: ಯಾವುದು ಅಗ್ಗ?

ಮಂಡ್ಯದಲ್ಲಿ ಸಣ್ಣ ಉದ್ಯಮಗಳಿಗೆ ಲೆಕ್ಕ ಬರೆಯುವುದು, ಬ್ಯಾಂಕ್ ಸಾಲಕ್ಕೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕೆಲಸ. ಆಲೆಮನೆ ನಡೆಸುವ ಒಬ್ಬರು ಎರಡು ಕೊಟೇಶನ್ ಹಿಡಿದು ಬಂದಿದ್ದರು. ಒಂದು ಗಾಣಕ್ಕೆ 4 ಲಕ್ಷ, ಬಾಳಿಕೆ 4 ವರ್ಷ, ರಿಪೇರಿ ಮತ್ತು ಕರೆಂಟಿಗೆ ವರ್ಷಕ್ಕೆ 90 ಸಾವಿರ. ಇನ್ನೊಂದಕ್ಕೆ 7 ಲಕ್ಷ, ಬಾಳಿಕೆ 8 ವರ್ಷ, ವರ್ಷದ ಖರ್ಚು 70 ಸಾವಿರ.

"ನಾಲ್ಕು ಲಕ್ಷಕ್ಕೆ ಸಿಗೋದಕ್ಕೆ ಏಳು ಲಕ್ಷ ಯಾಕ್ ಸಾರ್ ಸುರೀಬೇಕು?" ಎಂದರು.

ಬ್ಯಾಂಕ್ ಸಾಲ 12% ಬಡ್ಡಿಗೆ ಸಿಗುತ್ತಿತ್ತು. ಮುಂದಿನ ಖರ್ಚುಗಳನ್ನೆಲ್ಲ ಆ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿ ಗಾಣದ ಬೆಲೆಯ ಜೊತೆ ಕೂಡಿದರೆ ಮೊದಲ ಗಾಣಕ್ಕೆ ಸುಮಾರು 6.73 ಲಕ್ಷ, ಎರಡನೆಯದಕ್ಕೆ 10.48 ಲಕ್ಷ. ಇಲ್ಲಿಗೇ ನಿಲ್ಲಿಸಿದರೆ ಚಿಕ್ಕ ಗಾಣವೇ ಗೆದ್ದ ಹಾಗೆ ಕಾಣುತ್ತದೆ. ಆದರೆ 6.73 ಲಕ್ಷಕ್ಕೆ ಸಿಗುವುದು ನಾಲ್ಕು ವರ್ಷದ ಅರೆತ. ಐದನೇ ವರ್ಷ ಕಬ್ಬು ಬಂದು ನಿಂತಾಗ ಮತ್ತೊಂದು ಗಾಣ ಕೊಳ್ಳಬೇಕಲ್ವಾ? ಬಾಳಿಕೆ ಬೇರೆ ಬೇರೆ ಇದ್ದಾಗ ಒಟ್ಟು ಮೊತ್ತ ಹೋಲಿಸಬಾರದು. ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ನೋಡಬೇಕು. ಈಕ್ವಿವಲೆಂಟ್ ಆನ್ಯುಯಲ್ ಆನ್ಯುಯಿಟಿ ಎನ್ನುವುದು ಇದೇ ಲೆಕ್ಕ.

ಸುಮ್ನೆ 4 ಲಕ್ಷವನ್ನು 4ರಿಂದ, 7 ಲಕ್ಷವನ್ನು 8ರಿಂದ ಭಾಗಿಸುವವರೂ ಇದ್ದಾರೆ. ಹಾಗೆ ಮಾಡಿ ವರ್ಷದ ಖರ್ಚು ಸೇರಿಸಿದರೆ ದೊಡ್ಡ ಗಾಣ ವರ್ಷಕ್ಕೆ 32,500 ರೂಪಾಯಿ ಉಳಿಸುತ್ತದೆ ಅನ್ನಿಸುತ್ತದೆ. ಇದೂ ಸರಿಯಲ್ಲ. 7 ಲಕ್ಷ ಮೊದಲ ದಿನವೇ ಕೈಬಿಟ್ಟು ಹೋಗುತ್ತದೆ, ಅದರ ಮೇಲೆ ಬಡ್ಡಿ ಓಡುತ್ತಿರುತ್ತದೆ. ಹಾಗಾಗಿ ಬೆಲೆಯನ್ನು ಬಡ್ಡಿ ಸಮೇತ ಸಮ ಕಂತುಗಳಾಗಿ ಹರಡಬೇಕು. ಎಕ್ಸೆಲ್‌ನಲ್ಲಿ ಎರಡೇ ಸಾಲು:

```
=PMT(12%,4,-400000)+90000
=PMT(12%,8,-700000)+70000
```

ಚಿಕ್ಕ ಗಾಣದ ಕಂತು ವರ್ಷಕ್ಕೆ 1,31,700. ಖರ್ಚು ಸೇರಿದರೆ 2,21,700. ದೊಡ್ಡದರ ಕಂತು 1,40,900, ಖರ್ಚು ಸೇರಿ 2,10,900. ದೊಡ್ಡ ಗಾಣ ವರ್ಷಕ್ಕೆ ಸುಮಾರು 10,800 ರೂಪಾಯಿ ಅಗ್ಗ. ನಂಬಿಕೆ ಬರದಿದ್ದರೆ ಚಿಕ್ಕ ಗಾಣವನ್ನು ಎರಡು ಸಲ ಕೊಂಡ ಹಾಗೆ ಎಂಟು ವರ್ಷಕ್ಕೆ ಲೆಕ್ಕ ಹಾಕಿ. ಇವತ್ತಿನ ಬೆಲೆಯಲ್ಲಿ 11.01 ಲಕ್ಷ ಬರುತ್ತದೆ, 10.48 ಲಕ್ಷಕ್ಕಿಂತ ಜಾಸ್ತಿ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಬಡ್ಡಿ ದರದ್ದು. ಅದೇ ಗಾಣಗಳನ್ನು 18% ಬಡ್ಡಿಯ ಕೈಸಾಲದಲ್ಲಿ ಕೊಂಡರೆ ಚಿಕ್ಕದಕ್ಕೆ ವರ್ಷಕ್ಕೆ 2,38,700, ದೊಡ್ಡದಕ್ಕೆ 2,41,700. ಉತ್ತರವೇ ತಿರುಗಿಬಿಟ್ಟಿತು. ಸುಮಾರು 17% ಹತ್ತಿರ ಎರಡೂ ಸಮ ಆಗುತ್ತವೆ. ದೊಡ್ಡ ಬೆಲೆಯ ಮಷಿನ್‌ಗೆ ಬಡ್ಡಿಯ ಏಟು ಜಾಸ್ತಿ, ಯಾಕೆಂದರೆ ಹಣ ಹೆಚ್ಚು ವರ್ಷ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಪಕ್ಕದ ಆಲೆಮನೆಯವರು ದೊಡ್ಡದು ತಂದರು ಅಂತ ನೀವೂ ತರಬೇಕಾಗಿಲ್ಲ. ಅವರ ಸಾಲ ಬೇರೆ, ನಿಮ್ಮ ಸಾಲ ಬೇರೆ.

ಈ ಲೆಕ್ಕ ನಿಲ್ಲಬೇಕಾದರೆ ಎರಡೂ ಗಾಣ ಒಂದೇ ಕೆಲಸ ಮಾಡಬೇಕು. ರೋಲರ್‌ನ ಹಲ್ಲು ಸವೆದರೆ ರಸ ಸಿಪ್ಪೆಯಲ್ಲೇ ಉಳಿಯುತ್ತದೆ. ಗಾಣದಿಂದ ಬಂದ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿದರೆ ಅಂಗೈ ಅಂಟಂಟಾಗುತ್ತದೆ. ಅಷ್ಟು ಬೆಲ್ಲ ಒಲೆಗೆ ಹೋದ ಹಾಗೆ. ಒಂದು ಗಾಣದಲ್ಲಿ ರಸ ಕಡಿಮೆ ಇಳಿಯುವುದಾದರೆ ಆ ನಷ್ಟವನ್ನೂ ಅದರ ವರ್ಷದ ಖರ್ಚಿಗೆ ಸೇರಿಸಬೇಕು. ಆ ನಷ್ಟ ದೊಡ್ಡ ಗಾಣದ್ದಾದರೆ 10,800 ರೂಪಾಯಿಯ ಅಂತರ ಕರಗುವುದಕ್ಕೆ ಹೆಚ್ಚು ಹೊತ್ತು ಬೇಡ.

ಇನ್ನೊಂದು ಷರತ್ತೂ ಇದೆ. ಗಾಣ ಹಳೆಯದಾದಾಗ ಅಂಥದ್ದೇ ಇನ್ನೊಂದನ್ನು ಅದೇ ಬೆಲೆಗೆ ತಂದು ಕೆಲಸ ಮುಂದುವರಿಸುತ್ತೀರಿ ಎಂದು ಈ ವಿಧಾನ ಅಂದುಕೊಂಡಿರುತ್ತದೆ. ನಾಲ್ಕು ವರ್ಷದಲ್ಲಿ ಗಾಣದ ಬೆಲೆ ಏರಿದರೆ ದೊಡ್ಡದರ ಕಡೆಗೇ ತಕ್ಕಡಿ ಇನ್ನಷ್ಟು ವಾಲುತ್ತದೆ. ಆದರೆ ಆಲೆಮನೆ ಇರುವ ಜಾಗವೇ ನಾಲ್ಕು ವರ್ಷದ ಗುತ್ತಿಗೆ, ಆಮೇಲೆ ಮುಚ್ಚುವುದು ಖಚಿತ ಎನ್ನುವವರಿಗೆ ವರ್ಷದ ಕಂತಿನ ಹೋಲಿಕೆ ಉಪಯೋಗಕ್ಕೆ ಬರುವುದಿಲ್ಲ. ಅವರು ಎರಡನ್ನೂ ನಾಲ್ಕೇ ವರ್ಷಕ್ಕೆ ನೋಡಬೇಕು. 12% ಬಡ್ಡಿಯಲ್ಲಿ ದೊಡ್ಡ ಗಾಣ ಲಾಭ ಆಗಬೇಕಾದರೆ, ನಾಲ್ಕು ವರ್ಷ ಅರೆದ ಮೇಲೆ ಅದನ್ನು ಮಾರಿದಾಗ ಚಿಕ್ಕದಕ್ಕೆ ಬರುವುದಕ್ಕಿಂತ ಕನಿಷ್ಠ 3.76 ಲಕ್ಷ ಜಾಸ್ತಿ ಬರಬೇಕು. ಹಳೇ ಗಾಣ ಕೊಳ್ಳುವ ವ್ಯಾಪಾರಿಯನ್ನು ಮೊದಲು ಕೇಳಿ. ಅಷ್ಟು ಕೊಡುವುದಿಲ್ಲ ಎಂದರೆ ಚಿಕ್ಕದನ್ನೇ ತನ್ನಿ.