ಮೇಷ್ಟ್ರ ಮನೆ ಮಹಡಿ ಕೆಲಸ ಬಿಟ್ಟುಕೊಟ್ಟಿದ್ದು

ಮನೆ ಕಟ್ಟೋ ಗುತ್ತಿಗೆಯಲ್ಲಿ ಒಂದು ಕೆಲಸ ಬೇಡ ಅನ್ನೋದಕ್ಕೆ ನಮ್ಮ ದಾವಣಗೆರೆ ಕಡೆ ಚಾಲ್ತಿಯಲ್ಲಿರೋ ದಾರಿ ಎರಡು. ಒಂದು, ಚದರಕ್ಕೆ ಇಷ್ಟು ಅಂತ ಬೇಕಂತಲೇ ರೇಟು ಏರಿಸಿ ಹೇಳಿ ಅವರಾಗೇ ಬಿಟ್ಟುಹೋಗೋ ಹಾಗೆ ಮಾಡೋದು. ಇನ್ನೊಂದು, "ನೋಡೋಣ ಸಾರ್, ಹೇಳ್ತೀನಿ" ಅಂದು ಆಮೇಲೆ ಫೋನ್ ಎತ್ತದೇ ಇರೋದು. ಎದುರಿಗೆ ಕೂತು ಆಗಲ್ಲ ಅನ್ನೋ ಸಂಕಟ ಎರಡರಲ್ಲೂ ತಪ್ಪುತ್ತೆ, ನಿಜ. ಆದರೆ ರೇಟು ಏರಿಸಿದರೆ ಆಗೋ ಪೇಚಾಟ ನೋಡಿ: ಕೆಲವರು ಅದಕ್ಕೂ ಒಪ್ಪಿಬಿಡ್ತಾರೆ. ಆಗ ಬೇಡದ ಕೆಲಸ ನಿಮ್ಮ ತಲೆ ಮೇಲೆ ಕೂತಿರುತ್ತೆ. ಒಪ್ಪದವರು ಸುಮ್ಮನಿರಲ್ಲ, "ಅವನು ಬಲು ದುಬಾರಿ ಮಾರಾಯ" ಅಂತ ಸಿಮೆಂಟು ಅಂಗಡಿಯಲ್ಲಿ ಹೇಳ್ತಾರೆ. ನಮಗೆ ಕೆಲಸ ಬರೋದೇ ಆ ಅಂಗಡಿ ಬಾಗಿಲಿಂದ. ಇನ್ನು ಫೋನ್ ಎತ್ತದವನ ಹೆಸರನ್ನ ಯಾರೂ ಇನ್ನೊಬ್ಬರಿಗೆ ಹೇಳೋದೇ ಇಲ್ಲ.

ನಾನು ಮೂರನೇ ದಾರಿ ಹಿಡಿದಿದ್ದು ಹೇಗೆ ಅಂತ ಒಂದು ಕೆಲಸ ಇಟ್ಟುಕೊಂಡೇ ಹೇಳ್ತೀನಿ.

ವಿದ್ಯಾನಗರದ ಕಡೆ ಒಬ್ಬ ನಿವೃತ್ತ ಮೇಷ್ಟ್ರು. ಕೆಳಗಿನ ಮನೆ ಕಟ್ಟಿಸಿ ಬಹಳ ವರ್ಷ ಆಗಿತ್ತು. ಮೇಲೆ ಸುಮಾರು 12 ಚದರದ ಮಹಡಿ ಬೇಕು ಅಂದರು. ಸಂಕ್ರಾಂತಿ ಆಗಿ ಆಗಷ್ಟೇ ಕೆಲವು ದಿನ. ಮೇ ಮೊದಲ ವಾರದಲ್ಲಿ ಮಗಳ ಮದುವೆ, ಬೀಗರ ಕಡೆಯವರನ್ನ ಹೊಸ ಮಹಡಿಯಲ್ಲೇ ಇಳಿಸಬೇಕು ಅನ್ನೋದು ಆಸೆ. ಅವರನ್ನ ನನ್ನ ಹತ್ತಿರ ಕಳಿಸಿದ್ದು ನಾನು ಕಬ್ಬಿಣ, ಸಿಮೆಂಟು ತರೋ ಅಂಗಡಿ ಸಾಹುಕಾರರು.

ಜಾಗ ನೋಡಿ, ಟೇಪು ಹಿಡಿದು, ನಕ್ಷೆ ಇಸ್ಕೊಂಡು ಹೊರಡೋ ಹೊತ್ತಿಗೆ ಮೇಷ್ಟ್ರ ಮನೆಯವರು ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಅಡ್ವಾನ್ಸ್ ಹಣ ಇಟ್ಟು ತಂದರು. ಇದು ನಾಜೂಕಿನ ಜಾಗ. ತಾಂಬೂಲದ ಜೊತೆ ದುಡ್ಡು ಮುಟ್ಟಿದರೆ ಮಾತು ಕೊಟ್ಟ ಹಾಗೆ. ಆಮೇಲೆ ಎರಡೇ ದಿನಕ್ಕೆ ಬೇಡ ಅಂದರೂ ಅದು ಕೈ ಎತ್ತಿದ ಲೆಕ್ಕ. ತಟ್ಟೆನೇ ಹಿಂದಕ್ಕೆ ಸರಿಸಿದರೆ ಮುಖ ಮುರಿದಂಗೆ. "ಅಮ್ಮಾ, ಎಲೆ ಅಡಿಕೆ ತಗೋತೀನಿ. ದುಡ್ಡು ನಿಮ್ಮ ಹತ್ರನೇ ಇರ್ಲಿ, ಲೆಕ್ಕ ಹಾಕಿ ನಾಡಿದ್ದು ಬಂದು ಹೇಳ್ತೀನಿ" ಅಂದೆ. ಯಾವ ದಿನ ಬಂದು ಹೇಳ್ತೀನಿ ಅಂತ ಅಲ್ಲೇ ಹೇಳಿದ್ದಕ್ಕೆ ಕಾರಣ ಇದೆ. ಹೇಳದಿದ್ದರೆ ಅಷ್ಟರಲ್ಲಿ ಪುರೋಹಿತರನ್ನ ಕೇಳಿ ಪೂಜೆಗೆ ದಿನ ಇಡ್ತಾರೆ, ಇಟ್ಟಿಗೆ ಲೋಡಿಗೆ ಹೇಳಿಬಿಡ್ತಾರೆ. ಮುಹೂರ್ತ ಇಟ್ಟ ಮೇಲೆ ಬೇಡ ಅನ್ನೋದನ್ನ ಎಷ್ಟು ನಯವಾಗಿ ಹೇಳಿದರೂ ಅಪಶಕುನದ ಹಾಗೇ ಕೇಳುತ್ತೆ.

ರಾತ್ರಿ ಕೂತು ದಿನದ ಲೆಕ್ಕ ಹಾಕಿದೆ. ಕಂಬ ಎಬ್ಬಿಸಿ, ಗೋಡೆ ಕಟ್ಟಿ, ಲಿಂಟಲ್ ಹಾಕಿ ಮೇಲ್ಮಟ್ಟಕ್ಕೆ ಬರೋಕೆ ಒಂದು ತಿಂಗಳು. ಸೆಂಟ್ರಿಂಗ್, ಕಬ್ಬಿಣ ಕಟ್ಟೋದು, ಅದರೊಳಗೆ ಕರೆಂಟ್ ಪೈಪು, ಕಾಂಕ್ರೀಟ್ ಸುರಿದು ಚಾವಣಿಯ ಮೋಲ್ಡ್ ಹಾಕೋದು ಎಲ್ಲ ಸೇರಿ ಹನ್ನೆರಡು ದಿನ. ಮೋಲ್ಡ್ ಆದ ಮೇಲೆ ನಮ್ಮ ಕೈಯಲ್ಲಿ ಏನೂ ಇಲ್ಲ. ಮೇಷ್ಟ್ರ ಹಾಲು ಹದಿನಾರು ಅಡಿ ಅಗಲ, ಅಂದರೆ ನಾಲ್ಕೂವರೆ ಮೀಟರಿಗಿಂತ ಜಾಸ್ತಿ. ಅಷ್ಟು ಅಗಲದ ಮೋಲ್ಡ್ ಕೆಳಗಿನ ಆಸರೆಯನ್ನ 14 ದಿನ ತೆಗೆಯೋ ಹಾಗಿಲ್ಲ ಅನ್ನುತ್ತೆ ಕಾಂಕ್ರೀಟ್ ಕೆಲಸದ ಸರ್ಕಾರಿ ಮಾನದಂಡ ಐಎಸ್ 456. ಅದೂ ಮಾಮೂಲಿ ಒಪಿಸಿ ಸಿಮೆಂಟಿನ ಲೆಕ್ಕ. ಪಿಪಿಸಿ ಮೂಟೆ ಬಳಸಿದರೆ ಇನ್ನೂ ಕೆಲವು ದಿನ ಬಿಡಬೇಕು, ಯಾಕಂದರೆ ಅದು ನಿಧಾನಕ್ಕೆ ಗಟ್ಟಿ ಆಗೋದು. ಆಸರೆಯ ಜಾಕಿಗಳು ನಿಂತಿರೋ ತನಕ ಒಳಗೆ ಪ್ಲಾಸ್ಟರಿಂಗ್ ಹತ್ತಿಸೋಕೆ ಆಗಲ್ಲ. ಆಮೇಲೆ ಒಳಗೆ ಹೊರಗೆ ಪ್ಲಾಸ್ಟರಿಂಗ್ ಇಪ್ಪತ್ತು ದಿನ, ಅದಕ್ಕೆ ವಾರ ನೀರು ಹೊಡೆಯೋದು, ಟೈಲ್ಸು ಎರಡು ವಾರ. ಕೊನೆಗೆ ಗೋಡೆ ಒಣಗೋಕೆ ಮೂರು ನಾಲ್ಕು ವಾರ ಬಿಟ್ಟು ಪುಟ್ಟಿ, ಬಣ್ಣ. ಹಸಿ ಗೋಡೆ ಮೇಲೆ ಬಣ್ಣ ಬಳಿದರೆ ಮೊದಲ ಮಳೆಗಾಲದೊಳಗೇ ಉಬ್ಬಿ ಹಪ್ಪಳದ ಹಾಗೆ ಏಳುತ್ತೆ.

ಕೆಲಸದ ಮೇಲೆ ಕೆಲಸ ಹೊಂದಿಸಿದರೂ ನಾಲ್ಕು ತಿಂಗಳಿಗೆ ಕಡಿಮೆ ಇಲ್ಲ. ಇದ್ದಿದ್ದು ಮೂರು ತಿಂಗಳ ಮೇಲೆ ಒಂದಿಷ್ಟು ದಿನ. ಅದರ ನಡುವೆ ದುಗ್ಗಮ್ಮನ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಅದು ಆ ವರ್ಷವೇ ಇತ್ತು. ಹಬ್ಬ ಇರೋದು ಕೆಲವೇ ದಿನ ಆದರೂ ಗಾರೆಯವರು, ಸೆಂಟ್ರಿಂಗಿನವರು ತಮ್ಮ ಮನೆ ಬಣ್ಣ, ನೆಂಟರು, ಬಾಡೂಟ ಎಲ್ಲ ಮುಗಿಸಿ ಕೆಲಸಕ್ಕೆ ತಿರುಗೋಕೆ ಹತ್ತು ಹನ್ನೆರಡು ದಿನ ಹಿಡಿಯುತ್ತೆ. ಅವರನ್ನ ಆ ಹೊತ್ತಲ್ಲಿ ಬಾ ಅನ್ನೋ ಗಂಡು ಊರಲ್ಲಿಲ್ಲ. ಇದರ ಮೇಲೆ ನನ್ನ ಒಂದೇ ಗ್ಯಾಂಗು ಆಗಲೇ ಎರಡು ಸೈಟಿನಲ್ಲಿ ಹಂಚಿಹೋಗಿತ್ತು, ಯುಗಾದಿ ತನಕ ಬಿಡುವಿರಲಿಲ್ಲ.

ಹೇಳಿದ ದಿನ ಮೊದಲು ಫೋನ್ ಮಾಡಿದ್ದು ಅಂಗಡಿ ಸಾಹುಕಾರರಿಗೆ. ಮೇಷ್ಟ್ರಿಗೆ ಹೇಳಿಬಿಡಿ ಅಂತ ಕೇಳೋಕಲ್ಲ ಮತ್ತೆ. ನಡುವಿನವರ ಬಾಯಲ್ಲಿ ಹೋದ ಮಾತಿಗೆ ಬಾಲ ಬೆಳೆದಿರುತ್ತೆ. "ಅಣ್ಣಾರ, ನೀವು ಕಳಿಸಿದ ಕೆಲಸ. ಮದುವೆ ಒಳಗೆ ಮುಗಿಸೋಕೆ ನನ್ನ ಕೈಲಿ ಆಗಲ್ಲ, ದಿನ ಸಾಲದು. ಸಂಜೆ ನಾನೇ ಹೋಗಿ ಹೇಳ್ತೀನಿ. ಅವರು ನಿಮ್ಮನ್ನ ಕೇಳಿದಾಗ ಗೊತ್ತಿರ್ಲಿ ಅಂತ ಮೊದಲೇ ಹೇಳ್ದೆ." ಅಷ್ಟೇ. ಕಳಿಸಿದವರಿಗೆ ಗೊತ್ತಿಲ್ಲದೆ ಮನೆಯವರಿಗೆ ಬೇಡ ಅಂದರೆ, ನಾಳೆ ಮೇಷ್ಟ್ರು ಅಂಗಡಿಗೆ ಬಂದು "ಎಂಥವನನ್ನ ಕಳಿಸಿದ್ರಿ" ಅಂದಾಗ ಅವರ ಮುಖ ಹೋಗುತ್ತೆ. ಆಮೇಲೆ ಅವರು ಹೇಳೋದು ಬೇರೆಯವರ ಹೆಸರು.

ಸಂಜೆ ಮೇಷ್ಟ್ರ ಮನೆಯಲ್ಲಿ ಕಾಫಿ ಬರೋಕೆ ಮುಂಚೆನೇ ವಿಷಯ ತೆಗೆದೆ. ಸುತ್ತಿ ಬಳಸಿ ಮಾತಾಡಿದಷ್ಟೂ ಎದುರಿನವರ ಆಸೆ ಬೆಳೀತಾ ಹೋಗುತ್ತೆ. "ಮೇಷ್ಟ್ರೇ, ಮೇ ಒಳಗೆ ಈ ಕೆಲಸ ನನ್ನ ಕೈಲಿ ಆಗಲ್ಲ. ಯಾಕೆ ಅಂತ ಬರ್ಕೊಂಡು ಬಂದಿದೀನಿ, ನೋಡಿ" ಅಂತ ದಿನದ ಚೀಟಿ ಮುಂದಿಟ್ಟೆ. ಅವರು ಲೆಕ್ಕದ ಮೇಷ್ಟ್ರು, ಕನ್ನಡಕ ಹಾಕ್ಕೊಂಡು ಕೂಡಿಸಿ ಕಳೆದು ನೋಡಿದರು. "ಆಸರೆ ಹತ್ತು ದಿನಕ್ಕೆ ತೆಗೆದ್ರೆ?" ಅಂದರು. ತೆಗೆದರೆ ನಡುವೆ ಬಾಗಿ ಕೆಳಗಡೆ ಕೂದಲೆಳೆ ಬಿರುಕು ಬರಬಹುದು, ಆ ದಿನ ಕಾಣದೇ ಇರಬಹುದು, ಮುಂದೆ ಮಳೆ ನೀರು ದಾರಿ ತೋರಿಸುತ್ತೆ ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಕಾರಣ ಹೇಳುವಾಗ ಒಂದೇ ಹೇಳಬೇಕು ಅನ್ನೋದು ನನ್ನ ಅಭಿಪ್ರಾಯ. ಹುಡುಗರಿಲ್ಲ, ಸೊಂಟ ನೋವು, ನಮ್ಮತ್ತೆಗೆ ಹುಷಾರಿಲ್ಲ ಅಂತ ಮೂರು ಕಾರಣ ಜೋಡಿಸಿದರೆ ಕೇಳಿದವರಿಗೆ ನಾಲ್ಕನೆಯದು ಏನೋ ಮುಚ್ಚಿಟ್ಟಿದಾನೆ ಅನ್ನಿಸುತ್ತೆ. ಜೊತೆಗೆ ಅವರು ಒಂದೊಂದಕ್ಕೂ ಪರಿಹಾರ ಹುಡುಕಿ ಕೊಡ್ತಾ ಹೋಗ್ತಾರೆ. ದಿನ ಸಾಲದು ಅನ್ನೋದು ಸಾಹುಕಾರರಿಗೆ ಹೇಳಿದ್ದೂ ಅದೇ, ಮೇಷ್ಟ್ರಿಗೆ ಹೇಳಿದ್ದೂ ಅದೇ, ನಮ್ಮ ಮೇಸ್ತ್ರಿ ಟೀ ಅಂಗಡಿಯಲ್ಲಿ ಹೇಳೋದೂ ಅದೇ.

ಅವರ ಮುಂದೆ ಎರಡು ದಾರಿ ಇಟ್ಟೆ. ಯುಗಾದಿ ಆದ ಮೇಲೆ ಶುರು ಮಾಡೋದಾದರೆ ನಾನೇ ಮಾಡ್ತೀನಿ, ಆದರೆ ಮದುವೆಗೆ ಮಹಡಿ ಇರಲ್ಲ. ಈಗಲೇ ಶುರು ಆಗಬೇಕು ಅಂದರೆ, ಮದುವೆ ಹೊತ್ತಿಗೆ ಮೋಲ್ಡ್ ಆಗಿ ಹೊರಗಡೆ ಪ್ಲಾಸ್ಟರಿಂಗ್ ಆಗಿರುತ್ತೆ, ಒಳಗಿನದೆಲ್ಲ ಮದುವೆ ಮುಗಿದ ಮೇಲೆ. ಆ ಲೆಕ್ಕಕ್ಕೆ ಒಪ್ಪೋ, ಕೈಲಿ ಹುಡುಗರಿರೋ ಇನ್ನೊಬ್ಬ ಗುತ್ತಿಗೆದಾರರು ಗೊತ್ತು ಅಂದೆ. ಅವರನ್ನ ಮಧ್ಯಾಹ್ನವೇ ಕೇಳಿಟ್ಟಿದ್ದೆ. ಕೇಳದೇ ನಂಬರ್ ಕೊಟ್ಟು, ಅವರೂ ಬಿಡುವಿಲ್ಲ ಅಂದರೆ ಮೇಷ್ಟ್ರಿಗೆ ಎರಡು ಸಲ ಬಾಗಿಲು ಹಾಕಿಸಿಕೊಂಡ ಅನುಭವ. ಕೆಲಸ ಕಳಿಸಿದ್ದಕ್ಕೆ ಕಮಿಷನ್ ಬೇಡ ಅಂತಲೂ ಆ ಗುತ್ತಿಗೆದಾರರಿಗೆ ಹೇಳಿದ್ದೆ. ಕಮಿಷನ್ ತಗೊಂಡರೆ ಮುಂದೆ ಪ್ಲಾಸ್ಟರಿಂಗ್ ಬಿರುಕು ಬಿಟ್ಟಾಗ ಬೈಗುಳದಲ್ಲಿ ನಮ್ಮದೂ ಪಾಲು ಇರುತ್ತೆ.

ನಕ್ಷೆ, ನಾನು ತೆಗೆದ ಅಳತೆ, ದಿನದ ಚೀಟಿ ಎಲ್ಲ ಅಲ್ಲೇ ಬಿಟ್ಟು ಎದ್ದೆ. ಬಾಗಿಲ ಹತ್ತಿರ ಮೇಷ್ಟ್ರು, "ಕೆಲಸ ಅವರು ಮಾಡ್ಲಿ, ನೀವು ಆಗಾಗ ಬಂದು ಸ್ವಲ್ಪ ನೋಡ್ಕೊಂಡು ಹೋಗ್ರಿ" ಅಂದರು. ಪ್ರೀತಿಯ ಮಾತು, ಆದರೆ ಇದೇ ದೊಡ್ಡ ಗುಂಡಿ. ಇನ್ನೊಬ್ಬರ ಸೈಟಿನಲ್ಲಿ ನಿಂತು ಕಬ್ಬಿಣ ಸರಿ ಇದೆ, ಇಲ್ಲ ಅಂದರೆ ಮಾಡೋನಿಗೆ ಅವಮಾನ, ತಪ್ಪಾದರೆ ಹೊಣೆ ಇಬ್ಬರದೂ, ಅಂದರೆ ಯಾರದೂ ಅಲ್ಲ. "ಅವರ ಕೆಲಸ ನಾನು ನೋಡೋದು ಚೆನ್ನಾಗಿರಲ್ಲ ಮೇಷ್ಟ್ರೇ. ಮೋಲ್ಡ್ ಹಾಕೋ ಮುಂಚೆ ನಕ್ಷೆ ಮಾಡಿದ ಇಂಜಿನಿಯರ್ ಬಂದು ಕಬ್ಬಿಣ ನೋಡಿ ಹೂಂ ಅನ್ಲಿ, ಅದಕ್ಕೆ ಅವರಿಗೆ ಫೀಸು ಕೊಡಿ" ಅಂದೆ. ರಾತ್ರಿ ಇದೇ ಮಾತುಗಳನ್ನ ವಾಟ್ಸಾಪಿನಲ್ಲಿ ನಾಲ್ಕು ಸಾಲು ಬರೆದು ಕಳಿಸಿದೆ: ಏನು ಆಗಲ್ಲ, ಯಾವಾಗ ಆಗುತ್ತೆ, ಯಾರನ್ನ ಕೇಳಬಹುದು, ಯುಗಾದಿ ಆದ ಮೇಲೆ ಫೋನ್ ಮಾಡ್ತೀನಿ. ಮಗಳು ಅಳಿಯ ಕೇಳಿದಾಗ ತೋರಿಸೋಕೆ ಅವರಿಗೆ ಒಂದು ಆಧಾರ ಇರಬೇಕಲ್ಲ.

ದಿನ ಸಾಲದು ಅನ್ನೋದು ಹೇಳೋಕೆ ಸುಲಭದ ಕಾರಣ ಅಂತ ನನಗೂ ಗೊತ್ತು. ಆ ಮನುಷ್ಯ ದುಡ್ಡು ಸರಿಯಾಗಿ ಕೊಡಲ್ಲ ಅನ್ನೋದೇ ನಿಜವಾದ ಕಾರಣ ಆದಾಗ? ಅದನ್ನ ಮುಖದ ಮೇಲೆ ಹೇಳೋಕಾಗಲ್ಲ, ಹುಡುಗರಿಲ್ಲ ಅಂತ ಸುಳ್ಳು ಹೇಳಿದರೆ ಪಕ್ಕದ ಬೀದಿಯಲ್ಲಿ ನಮ್ಮ ಮಿಕ್ಸರ್ ನಿಂತಿದ್ದು ನೋಡ್ತಾರೆ. ಅಂಥವರಿಗೆ ನಾನು ಷರತ್ತು ಹೇಳ್ತೀನಿ: ಪಾಯ, ಲಿಂಟಲ್, ಮೋಲ್ಡ್, ಪ್ಲಾಸ್ಟರಿಂಗ್, ಪ್ರತಿ ಹಂತದ ದುಡ್ಡು ಆ ಹಂತ ಶುರು ಆಗೋ ಮುಂಚೆ. ಅವರು ಒಪ್ಪಿದರೆ ಕೆಲಸ ಮಾಡಲೇಬೇಕು, ಹಾಗಾಗಿ ಒಪ್ಪಿದರೆ ಮಾಡೋ ಮನಸ್ಸಿದ್ದರೆ ಮಾತ್ರ ಈ ಮಾತು ಆಡಬೇಕು. ಒಪ್ಪದವರು ಬೇಜಾರಿಲ್ಲದೆ ಹೋಗ್ತಾರೆ. ಕೆಲವರ ಜೊತೆ ಯಾವ ನಯವೂ ನಡೆಯಲ್ಲ, ಅದೂ ಇದೆ. ಬೇಡ ಅಂದಿದ್ದಕ್ಕೆ ಎದುರು ಸಿಕ್ಕರೆ ಈಗಲೂ ಮುಖ ತಿರುಗಿಸೋರು ಒಬ್ಬರಿದಾರೆ.

ಮೇಷ್ಟ್ರು ಆ ಗುತ್ತಿಗೆದಾರರಿಗೇ ಕೆಲಸ ಕೊಟ್ಟರು. ಮೋಲ್ಡ್ ಜಾತ್ರೆ ಕಳೆದ ಮೇಲೆ ಬಿತ್ತು, ಬೀಗರು ಕಲ್ಯಾಣ ಮಂಟಪದ ರೂಮುಗಳಲ್ಲೇ ಇಳಿದರು. ಯುಗಾದಿ ಆದ ಮೇಲೆ ನಾನು ಹೇಳಿದ ಹಾಗೆ ಫೋನ್ ಮಾಡಿದೆ. ಕೆಲಸ ಬೇರೆಯವರ ಕೈಲಿದೆ ಅಂತ ಗೊತ್ತಿದ್ದೂ ಮಾಡಿದೆ. ಮದುವೆ ತಯಾರಿ ಕೇಳಿದೆ, ಕೆಲಸದ ಮಾತು ಎತ್ತಲಿಲ್ಲ. ಆ ವರ್ಷ ದೀಪಾವಳಿ ಹತ್ತಿರ ಹರಿಹರದಿಂದ ಅವರ ಭಾವನವರ ಫೋನ್ ಬಂತು, ಖಾಲಿ ಸೈಟು, ಹೊಸ ಮನೆ. "ನೀವು ದಿನದ ಲೆಕ್ಕ ಬರೆದು ಕೊಡ್ತೀರಂತೆ, ನಮಗೂ ಮೊದಲು ಅದನ್ನ ಕೊಡಿ" ಅಂದರು. ಗೃಹಪ್ರವೇಶಕ್ಕೆ ದಿನ ಏನಾದರೂ ಇಟ್ಟಿದೀರಾ ಅಂತ ಕೇಳಿದೆ. ಇಲ್ಲ ಅಂದ ಮೇಲೆ ಟೇಪು ತಗೊಂಡು ಹೊರಟೆ.